150 ಡೆಸ್ಕು, ₹60,000 ಭದ್ರತೆ, ಒಂದು ತಿರಸ್ಕಾರ ಪತ್ರ: ಸಣ್ಣ ಪೂರೈಕೆದಾರನ ಟೆಂಡರು ಪ್ರಕರಣ

ಕಾಸರಗೋಡು ಜಿಲ್ಲೆಯ ಉಪ್ಪಳ ಕಡೆಯ ಒಂದು ಸಣ್ಣ ಘಟಕವನ್ನು ಎಣಿಸಿಕೊಳ್ಳಿ. ಎದುರಿಗೆ ಹಾರ್ಡ್‌ವೇರ್ ಅಂಗಡಿ, ಹಿಂದೆ ಶೆಡ್ಡಿನಲ್ಲಿ ವೆಲ್ಡಿಂಗ್ ಮತ್ತು ಮರಗೆಲಸ. ಕೇಂದ್ರ ಸರ್ಕಾರದ ಅಧೀನದ ಒಂದು ಸಂಸ್ಥೆ ತನ್ನ ತರಬೇತಿ ಕೊಠಡಿಗಳಿಗೆ ಇಬ್ಬರು ಕೂರುವ 150 ಡೆಸ್ಕ್-ಬೆಂಚು ಸೆಟ್ಟುಗಳಿಗೆ ಟೆಂಡರು ಕರೆದಿದೆ. ಅಂದಾಜು ಮೌಲ್ಯ ₹15 ಲಕ್ಷ. ಈ ಘಟಕ ತೆರಿಗೆ ಸೇರಿಸಿ ಸೆಟ್ಟಿಗೆ ₹8,000 ದರ ಹಾಕಿ ₹12 ಲಕ್ಷಕ್ಕೆ ಆರ್ಡರು ಪಡೆಯುತ್ತದೆ. ಘಟಕ, ಕಚೇರಿ, ತಾರೀಕು, ದರ ಎಲ್ಲವೂ ಲೆಕ್ಕ ತೋರಿಸುವುದಕ್ಕಾಗಿ ಕಟ್ಟಿದವು. ನಿಯಮಗಳು ಮಾತ್ರ ನಿಜವಾದವು, ಸರಕು ಕೆಡುವ ರೀತಿಯೂ ನಿಜವಾದದ್ದೇ.

ಟೆಂಡರು ದಾಖಲೆ ಕೈಗೆ ಬಂದಾಗ ಹೆಚ್ಚಿನ ಸಣ್ಣ ಪೂರೈಕೆದಾರರು ಮೊದಲು ನೋಡುವುದು ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಭದ್ರತೆ, ಎಷ್ಟು ಎಂದು. ಆಮೇಲೆ ಆರ್ಡರು ಸಿಕ್ಕವರು ಕೊಡಬೇಕಾದ ಪರ್ಫಾರ್ಮೆನ್ಸ್ ಭದ್ರತೆ. ಸರಕು ತಿರಸ್ಕಾರದ ಷರತ್ತು ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದುವುದು ಸರಕು ವಾಪಸ್ ಬಂದ ಮೇಲೆ. ನಮ್ಮ ಅಭಿಪ್ರಾಯದಲ್ಲಿ ಓದಬೇಕಾದ ಕ್ರಮ ಇದಕ್ಕೆ ತಿರುಗುಮುರುಗು. ಸರಕು ತಿರಸ್ಕೃತವಾದರೆ ಸ್ವೀಕಾರದ ದಿನ ಮುಂದೆ ಹೋಗುತ್ತದೆ. ಅದರ ಹಿಂದೆಯೇ ವಾರಂಟಿ, ಭದ್ರತೆಯ ಅವಧಿ, ಬಿಲ್ಲಿನ ಗಡುವು, ವಿಳಂಬದ ಕಡಿತ ಎಲ್ಲವೂ ಜರುಗುತ್ತವೆ.

ಇಎಂಡಿ: ವಿನಾಯಿತಿ ಯಾರಿಗೆ

ಕೇಂದ್ರ ಸರ್ಕಾರದ ಖರೀದಿಗೆ ಸಾಮಾನ್ಯ ಹಣಕಾಸು ನಿಯಮಗಳು 2017 ಆಧಾರ. ಅದರ 170ನೇ ನಿಯಮದ ಪ್ರಕಾರ ಬಿಡ್ ಭದ್ರತೆ ಅಂದಾಜು ಮೌಲ್ಯದ ಶೇ 2ರಿಂದ 5ರ ಒಳಗೆ ಇರಬೇಕು. ಇಲ್ಲಿ ಶೇ 2, ಅಂದರೆ ₹30,000. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಇದರಿಂದ ವಿನಾಯಿತಿ ಇದೆ. ‘ಉದ್ಯಮ್ ಸರ್ಟಿಫಿಕೇಟ್ ಇದೆಯಲ್ಲ, ಇಎಂಡಿ ಕಟ್ಟಬೇಕಿಲ್ಲ’ ಎಂಬ ಮಾತು ಹುಟ್ಟಿದ್ದು ಇದರಿಂದಲೇ.

ಆ ಮಾತನ್ನು ನಂಬಿ ಬಿಡ್ ಕಳೆದುಕೊಂಡವರು ಕಡಿಮೆ ಇಲ್ಲ. 2012ರ ಸೂಕ್ಷ್ಮ-ಸಣ್ಣ ಉದ್ಯಮ ಖರೀದಿ ನೀತಿ ಇರುವುದು ತಾವೇ ತಯಾರಿಸುವ ಸರಕಿಗೆ ಮತ್ತು ತಾವೇ ಕೊಡುವ ಸೇವೆಗೆ. ವ್ಯಾಪಾರಿಗಳು ಅದರಿಂದ ಹೊರಗೆ. 2021ರ ಜುಲೈಯಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ತೆರೆದರು ನಿಜ, ಆದರೆ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಿದರು. ಹಾಗಾಗಿ ಟೆಂಡರು ಪರಿಶೀಲಿಸುವವರು ಸರ್ಟಿಫಿಕೇಟಿನಲ್ಲಿ ‘ಪ್ರಮುಖ ಚಟುವಟಿಕೆ’ ಎಂಬ ಸಾಲನ್ನು ಹುಡುಕುತ್ತಾರೆ. ಅಲ್ಲಿ ‘ಟ್ರೇಡಿಂಗ್’ ಎಂದಿದ್ದರೆ ವಿನಾಯಿತಿ ಸಿಗುವುದಿಲ್ಲ. ಇಎಂಡಿಯೂ ಇಲ್ಲ, ವಿನಾಯಿತಿಯೂ ಇಲ್ಲ ಎಂದಾದ ಬಿಡ್ ತಾಂತ್ರಿಕ ಹಂತದಲ್ಲೇ ಬೀಳುತ್ತದೆ, ದರದ ಲಕೋಟೆ ತೆರೆಯುವುದೇ ಇಲ್ಲ.

ನಮ್ಮ ಘಟಕದ ತೊಡಕೂ ಇದೇ. ಮೊದಲು ಅಂಗಡಿ ಇತ್ತು, ನೋಂದಣಿ ಆಗ ಆದದ್ದು, ಆದ್ದರಿಂದ ಸರ್ಟಿಫಿಕೇಟಿನಲ್ಲಿ ವ್ಯಾಪಾರ ಎಂದೇ ಇದೆ. ಪೀಠೋಪಕರಣ ತಯಾರಿಕೆ ಆಮೇಲೆ ಶುರುವಾದದ್ದು, ಅದನ್ನು ಸೇರಿಸಿಲ್ಲ. ಟೆಂಡರು ಮುಗಿಯಲು ಕೆಲವೇ ದಿನ ಉಳಿದಿರುವಾಗ ಇಲ್ಲಿ ಸರಿಯಾದ ದಾರಿ ಒಂದೇ: ಉದ್ಯಮ್ ಪೋರ್ಟಲ್‌ನಲ್ಲಿ ತಯಾರಿಕೆಯ ಚಟುವಟಿಕೆ ಸೇರಿಸಿ ತಿದ್ದುಪಡಿ ಮಾಡುವುದು, ಆದರೂ ಈ ಬಾರಿಯ ₹30,000 ಕಟ್ಟಿಬಿಡುವುದು. ಆ ಹಣ ವಾಪಸ್ ಬರುತ್ತದೆ. ವಿನಾಯಿತಿಯ ತಕರಾರಿನಲ್ಲಿ ಬಿದ್ದ ಬಿಡ್ ವಾಪಸ್ ಬರುವುದಿಲ್ಲ. ತಿದ್ದುಪಡಿ ವ್ಯರ್ಥವೂ ಅಲ್ಲ, ಬಿಲ್ಲಿನ ಹಣ ಕೇಳುವಾಗ ತಯಾರಕ ಎಂಬ ದಾಖಲೆ ಬೇಕಾಗುತ್ತದೆ.

ಡಿಡಿ, ಬ್ಯಾಂಕರ್ಸ್ ಚೆಕ್, ಠೇವಣಿ ರಸೀದಿ, ಬ್ಯಾಂಕ್ ಗ್ಯಾರಂಟಿ, ವಿಮಾ ಕಂಪನಿಯ ಶೂರಿಟಿ ಬಾಂಡ್, ಆನ್‌ಲೈನ್ ಪಾವತಿ, ಹೀಗೆ ಹಲವು ರೂಪಗಳಿಗೆ ನಿಯಮದಲ್ಲಿ ಅವಕಾಶ ಇದೆ. ನಿಮ್ಮ ಟೆಂಡರಿನಲ್ಲಿ ಯಾವುದನ್ನು ಬರೆದಿದ್ದಾರೋ ಅದನ್ನೇ ಕೊಡಬೇಕು. ಈ ಗಾತ್ರದ ಮೊತ್ತಕ್ಕೆ ಠೇವಣಿ ರಸೀದಿ ಒಳ್ಳೆಯದು. ಹಣ ಕಚೇರಿಯ ಹೆಸರಿನಲ್ಲಿ ಅಡಮಾನವಾಗಿರುತ್ತದೆ, ಬಡ್ಡಿ ನಿಮ್ಮದಾಗಿರುತ್ತದೆ. ರಸೀದಿಯಲ್ಲಿ ಬಿಡ್ ಹಾಕಿದ ಸಂಸ್ಥೆಯ ಹೆಸರೇ ಇರಬೇಕು. ಮಾಲೀಕರ ಸ್ವಂತ ಖಾತೆಯಿಂದ ಮಾಡಿಸಿದ ರಸೀದಿಗೆ, ಬಿಡ್ ಸಂಸ್ಥೆಯ ಹೆಸರಿನಲ್ಲಿದ್ದರೆ, ಆಕ್ಷೇಪ ಬರುವುದು ಖಂಡಿತ. ಕಚೇರಿಯ ಒಪ್ಪಿಗೆ ಇಲ್ಲದೆ ಠೇವಣಿ ಮುರಿಯುವುದಿಲ್ಲ ಎಂದು ಬ್ಯಾಂಕ್ ಮ್ಯಾನೇಜರರ ಪತ್ರವನ್ನೂ ಜೊತೆಗೆ ಇಡಿ.

ಅವಧಿಯ ಲೆಕ್ಕದಲ್ಲಿ ಬೀಳುವವರು ಇನ್ನೂ ಹೆಚ್ಚು. ಬಿಡ್ ಭದ್ರತೆ ಬಿಡ್‌ನ ಸಿಂಧುತ್ವ ಮುಗಿದ ಮೇಲೆ ಇನ್ನೂ 45 ದಿನ ಜೀವಂತ ಇರಬೇಕು. ಬಿಡ್ ತೆರೆಯುವುದು ಫೆಬ್ರವರಿ 10, ಸಿಂಧುತ್ವ 90 ದಿನ ಎಂದರೆ ಮೇ 11. ಅದಕ್ಕೆ 45 ಸೇರಿಸಿದರೆ ಜೂನ್ 25. ಮೂರು ತಿಂಗಳಿಗೆಂದು ಮಾಡಿಸಿದ ಗ್ಯಾರಂಟಿ ಇಲ್ಲಿ ಸಾಕಾಗುವುದಿಲ್ಲ.

ಈ ₹30,000 ಮುಟ್ಟುಗೋಲಾಗುವ ಸಂದರ್ಭಗಳು ಹೆಚ್ಚಿಲ್ಲ. ಸಿಂಧುತ್ವದ ಅವಧಿಯಲ್ಲಿ ಬಿಡ್ ಹಿಂತೆಗೆದರೆ ಅಥವಾ ಬದಲಿಸಿದರೆ, ಆರ್ಡರು ಸಿಕ್ಕಿಯೂ ಪರ್ಫಾರ್ಮೆನ್ಸ್ ಭದ್ರತೆ ಕೊಡದಿದ್ದರೆ ಅಥವಾ ಕರಾರಿಗೆ ಸಹಿ ಹಾಕದಿದ್ದರೆ. ಪೈಪಿನ ದರ ಏರಿತೆಂದು ಮಾರ್ಚಿನಲ್ಲಿ ಹಿಂದೆ ಸರಿದರೆ ಹಣ ಹೋಯಿತು ಎಂದೇ ತಿಳಿಯಬೇಕು. ಒಪ್ಪಿಗೆ ಸಿಗುವ ಮುನ್ನ ಪ್ರಸ್ತಾಪವನ್ನು ಹಿಂತೆಗೆಯುವ ಹಕ್ಕು ಕರಾರು ಕಾಯ್ದೆಯಲ್ಲಿ ಇದೆ. ಆದರೆ ಹಿಂತೆಗೆಯುವುದಿಲ್ಲ ಎಂಬ ಮಾತಿಗೇ ಈ ಭದ್ರತೆ ಇಟ್ಟದ್ದು, ಆದ್ದರಿಂದ ಮುಟ್ಟುಗೋಲು ಸರಿ ಎಂದು ಸುಪ್ರೀಂ ಕೋರ್ಟು 2003ರಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಮತ್ತು ಗಂಗಾ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಹೇಳಿದೆ. ಬಿಡ್ ಸಲ್ಲಿಕೆಯ ಗಡುವು ಮುಗಿಯುವ ಮೊದಲು ಹಿಂತೆಗೆದರೆ ಮಾತ್ರ ಏನೂ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಇದೇ ಸರಕನ್ನು ಪಂಚಾಯತು ಅಥವಾ ಕೇರಳ ಸರ್ಕಾರದ ಇಲಾಖೆ ಕೊಳ್ಳುತ್ತಿದ್ದರೆ ರಾಜ್ಯದ ಖರೀದಿ ಕೈಪಿಡಿ ಅನ್ವಯಿಸುತ್ತದೆ. ಶೇಕಡಾವಾರು, ವಿನಾಯಿತಿ, ಸ್ಟ್ಯಾಂಪ್ ಪೇಪರಿನ ಕರಾರು ಎಲ್ಲವೂ ಬೇರೆ. ಗಡಿ ದಾಟಿ ಮಂಗಳೂರಿನಲ್ಲಿ ಟೆಂಡರು ಹಾಕುವಾಗಲೂ ಹಾಗೆಯೇ. ಒಂದು ಕಡೆಯ ಅಭ್ಯಾಸವನ್ನು ಇನ್ನೊಂದು ಕಡೆಗೆ ಒಯ್ಯಬೇಡಿ.

ಪರ್ಫಾರ್ಮೆನ್ಸ್ ಭದ್ರತೆ: ₹60,000 ಎಷ್ಟು ಕಾಲ ಕಟ್ಟಿಹಾಕುತ್ತದೆ

ಏಪ್ರಿಲ್ 24ಕ್ಕೆ ಆರ್ಡರು ಬಂತು. ಷರತ್ತುಗಳು ಹೀಗಿವೆ: 14 ದಿನದೊಳಗೆ ಕರಾರು ಮೌಲ್ಯದ ಶೇ 5 ಪರ್ಫಾರ್ಮೆನ್ಸ್ ಭದ್ರತೆ, 45 ದಿನದೊಳಗೆ ಅಂದರೆ ಜೂನ್ 8ಕ್ಕೆ ಪೂರೈಕೆ, ಅಂತಿಮ ಸ್ವೀಕಾರದಿಂದ 12 ತಿಂಗಳು ವಾರಂಟಿ. ಇಎಂಡಿಗೆ ವಿನಾಯಿತಿ ಪಡೆದವರಿಗೂ ಈ ಭದ್ರತೆಯಿಂದ ವಿನಾಯಿತಿ ಇಲ್ಲ. ಆರ್ಡರು ಬಂದ ಮೇಲೆ ಇದು ತಿಳಿದು ಹಣಕ್ಕೆ ಓಡಾಡುವವರನ್ನು ನೋಡಿದರೆ ಸಂಕಟವಾಗುತ್ತದೆ, ಯಾಕೆಂದರೆ 14 ದಿನ ತಪ್ಪಿದರೆ ಆರ್ಡರೂ ಹೋಗುತ್ತದೆ, ಇಎಂಡಿ ಕಟ್ಟಿದ್ದರೆ ಅದೂ ಹೋಗುತ್ತದೆ.

₹12 ಲಕ್ಷಕ್ಕೆ ಶೇ 5 ಎಂದರೆ ₹60,000. ಇದು ವಾರಂಟಿ ಸೇರಿ ಎಲ್ಲ ಹೊಣೆಗಳು ಮುಗಿದ ಮೇಲೆ ಇನ್ನೂ 60 ದಿನ ಸಿಂಧುವಾಗಿರಬೇಕು ಎನ್ನುತ್ತದೆ 171ನೇ ನಿಯಮ. ಸರಕು ಜೂನ್ 20ರ ಹೊತ್ತಿಗೆ ಸ್ವೀಕಾರವಾಗುತ್ತದೆ ಎಂದು ಹಿಡಿದರೆ ವಾರಂಟಿ ಮರುವರ್ಷ ಜೂನ್ 19ರವರೆಗೆ, ಭದ್ರತೆ ಆಗಸ್ಟ್ 18ರವರೆಗೆ. ಅಂದರೆ ಎರಡು ತಿಂಗಳ ಕೆಲಸಕ್ಕೆ ₹60,000 ಹದಿನೈದು ತಿಂಗಳಿಗೂ ಮೇಲ್ಪಟ್ಟು ಕಟ್ಟಿಹೋಗುತ್ತದೆ. ದರ ಹಾಕುವಾಗ ಈ ಖರ್ಚನ್ನೂ ಸೆಟ್ಟಿನ ಮೇಲೆ ಹಂಚಬೇಕು.

ಬ್ಯಾಂಕ್ ಗ್ಯಾರಂಟಿ ಮಾಡಿಸಿದರೆ ಪೂರ್ತಿ ಹಣ ಕಟ್ಟಬೇಕಿಲ್ಲ ಎಂಬ ಆಸೆ ಹಲವರಿಗೆ. ಸಣ್ಣ ಘಟಕಕ್ಕೆ ಬ್ಯಾಂಕು ದೊಡ್ಡ ಮಾರ್ಜಿನ್ ಹಣ ಕೇಳುತ್ತದೆ, ಮೇಲೆ ಕಮಿಷನ್ ಇದೆ, ಕಚೇರಿ ಕೊಟ್ಟ ನಮೂನೆಯ ಒಂದು ಪದ ಬದಲಾದರೂ ಆಕ್ಷೇಪ ಬರುತ್ತದೆ. ಗ್ಯಾರಂಟಿಯಲ್ಲಿ ‘ತಕರಾರಿಲ್ಲದೆ, ಕೇಳಿದ ಕೂಡಲೆ’ ಎಂಬ ಒಕ್ಕಣೆ ಇರುತ್ತದೆ. ಕಚೇರಿ ಒಂದು ಪತ್ರ ಬರೆದರೆ ಬ್ಯಾಂಕು ಹಣ ಕೊಡಲೇಬೇಕು, ನಿಮ್ಮ ವಾದ ಕೇಳುವ ಹೊಣೆ ಅದಕ್ಕಿಲ್ಲ. ಸರಕು ತಡವಾದರೆ ಗ್ಯಾರಂಟಿಯ ಅವಧಿಯನ್ನು ವಿಸ್ತರಿಸಬೇಕು. ನೀವು ಸುಮ್ಮನಿದ್ದರೆ ‘ಅವಧಿ ವಿಸ್ತರಿಸಿ, ಇಲ್ಲವೇ ಹಣ ಕೊಡಿ’ ಎಂದು ಕಚೇರಿ ನೇರವಾಗಿ ಬ್ಯಾಂಕಿಗೆ ಬರೆಯುತ್ತದೆ. ತಾನಾಗಿ ನವೀಕರಣವಾಗುವ ಠೇವಣಿ ರಸೀದಿಗೆ ಈ ಕಾಟ ಇಲ್ಲ. ಹಾಗಾಗಿ ನಮ್ಮ ಘಟಕ ₹60,000ದ ರಸೀದಿಯನ್ನು ಮೇ 6ಕ್ಕೆ ಕೊಟ್ಟು, ಅದೇ ಪತ್ರದಲ್ಲಿ ಇಎಂಡಿಯ ₹30,000 ವಾಪಸ್ ಕೇಳುತ್ತದೆ. ಪರ್ಫಾರ್ಮೆನ್ಸ್ ಭದ್ರತೆ ಕೈಸೇರಿದ ಮೇಲೆ ಇಎಂಡಿ ಮರಳಿಸಬೇಕು ಎಂದು ನಿಯಮದಲ್ಲೇ ಇದೆ. ಆದರೂ ಕೇಳಬೇಕು.

ತಿರಸ್ಕಾರ

ಸ್ಪೆಸಿಫಿಕೇಶನ್ ಉದ್ದ ಇಲ್ಲ. 25 ಮಿಲಿಮೀಟರ್ ಚೌಕ ಪೈಪು, ದಪ್ಪ ಕನಿಷ್ಠ 1.2 ಮಿಲಿಮೀಟರ್, ಪೌಡರ್ ಕೋಟಿಂಗ್. ಮೇಲ್ಹಲಗೆಗೂ ಬೆಂಚಿಗೂ 18 ಮಿಲಿಮೀಟರ್ ಪ್ಲೈವುಡ್, ಐಎಸ್ 303ರ ಕುದಿನೀರು ತಾಳುವ ಬಿಡಬ್ಲ್ಯುಆರ್ ದರ್ಜೆ, ಎಲ್ಲ ಅಂಚುಗಳಿಗೂ ಪಿವಿಸಿ ಪಟ್ಟಿ. ಸರಕು ಜೂನ್ 5ಕ್ಕೆ, ಗಡುವಿಗೆ ಮೂರು ದಿನ ಮುಂಚೆ, ಲಾರಿಯಲ್ಲಿ ತಲುಪಿತು. ಕೊಠಡಿಗಳು ಸಿದ್ಧ ಇರಲಿಲ್ಲ, ಹೊರಜಗಲಿಯಲ್ಲಿ ಇಳಿಸಿದರು. ಸ್ಟೋರ್ ಕೀಪರ್ ಚಲನ್ ಮೇಲೆ ‘ತಪಾಸಣೆಗೆ ಒಳಪಟ್ಟು ಸ್ವೀಕರಿಸಿದೆ’ ಎಂದು ಮಲಯಾಳದಲ್ಲಿ ಬರೆದು ಸಹಿ ಹಾಕಿದರು. ನಮ್ಮ ಊರಿನಲ್ಲಿ ಲಾರಿಯ ಜೊತೆ ಹೋದ ಹುಡುಗ ಮಲಯಾಳ ಮಾತಾಡಬಲ್ಲ, ಕೈಬರಹ ಓದಲಾರ ಎಂಬುದು ಸಾಮಾನ್ಯ. ಚಲನ್ ಮೇಲೆ ಏನು ಬರೆದರು ಎಂದು ಓದಿಸಿಕೊಂಡು, ಎಲ್ಲಿ ಇಳಿಸಿದರು ಎಂಬುದನ್ನೂ ಅದೇ ಚಲನ್‌ನಲ್ಲಿ ಬರೆಸಿ, ಫೋಟೊ ತೆಗೆದೇ ಅಲ್ಲಿಂದ ಹೊರಡಬೇಕು.

ಈ ಸಹಿ ಸರಕು ತಲುಪಿದ್ದಕ್ಕೆ ಸಾಕ್ಷಿ, ಅಷ್ಟೆ. ಸರಕು ಮಾರಾಟ ಕಾಯ್ದೆ 1930ರ 41ನೇ ಕಲಮಿನಂತೆ ಕೊಳ್ಳುವವನಿಗೆ ಪರೀಕ್ಷಿಸಿ ನೋಡುವ ಅವಕಾಶ ಸಿಗುವವರೆಗೆ ಸ್ವೀಕಾರ ಆದಂತಲ್ಲ. 42ನೇ ಕಲಮು ಸ್ವೀಕಾರ ಯಾವಾಗ ಆದಂತೆ ಎಂದು ಹೇಳುತ್ತದೆ: ಒಪ್ಪಿದೆ ಎಂದು ತಿಳಿಸಿದಾಗ, ತನ್ನದೇ ಸ್ವತ್ತಿನಂತೆ ಅದನ್ನು ಬಳಸತೊಡಗಿದಾಗ, ಅಥವಾ ತಿರಸ್ಕಾರ ತಿಳಿಸದೆ ಸಮಂಜಸ ಕಾಲ ಮೀರಿ ಇಟ್ಟುಕೊಂಡಾಗ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಕರಾರೇ ಮೇಲು. ಸರ್ಕಾರಿ ಕರಾರುಗಳಲ್ಲಿ ಬೇರೆ ರೀತಿಯೇ ಬರೆದಿರುತ್ತಾರೆ: ‘ಸ್ವೀಕಾರ ಪತ್ರ ಕೊಡುವವರೆಗೆ ಅಪಾಯ ಪೂರೈಕೆದಾರನದು’.

ಜೂನ್ 16ಕ್ಕೆ ಮೆಮೊ ಬಂತು. ಒಂದೇ ಸಾಲು: ಗುಣಮಟ್ಟ ಸ್ಪೆಸಿಫಿಕೇಶನ್‌ಗೆ ಅನುಗುಣವಾಗಿಲ್ಲ, 150 ಸೆಟ್ಟುಗಳನ್ನೂ ತಿರಸ್ಕರಿಸಲಾಗಿದೆ, 14 ದಿನದೊಳಗೆ ತೆಗೆದುಕೊಂಡು ಹೋಗಿ ಬದಲಿ ಕೊಡಿ.

ಇಂಥ ಪತ್ರ ಬಂದಾಗ ಕಚೇರಿಗೆ ಓಡಿ ಮಾತಿನಲ್ಲಿ ಬಗೆಹರಿಸಲು ನೋಡುವುದು ನಮ್ಮ ಕಡೆಯ ರೂಢಿ. ಹೋಗಿ ಮಾತಾಡಿ, ತಪ್ಪಲ್ಲ, ಆದರೆ ಮೊದಲು ಲಿಖಿತ ಉತ್ತರ ಹೋಗಲಿ. ಕರಾರಿನ ಭಾಷೆ ಇಂಗ್ಲಿಷ್ ಆಗಿದ್ದರೆ ಉತ್ತರವೂ ಇಂಗ್ಲಿಷಿನಲ್ಲೇ ಇರಲಿ, ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ. ಅದರಲ್ಲಿ ಕೇಳಬೇಕಾದದ್ದು ಮೂರು: ಯಾವ ಸೆಟ್ಟು ಸ್ಪೆಸಿಫಿಕೇಶನ್ನಿನ ಯಾವ ಅಂಶಕ್ಕೆ ಹೊಂದಿಲ್ಲ ಮತ್ತು ಅಳತೆ ಎಷ್ಟು ಬಂತು ಎಂಬ ವಿವರ, ಎರಡೂ ಕಡೆಯವರ ಮುಂದೆ ಜಂಟಿ ತಪಾಸಣೆ, ಹೊಂದುವ ಸೆಟ್ಟುಗಳನ್ನು ಬೇರ್ಪಡಿಸಿ ಭಾಗಶಃ ಸ್ವೀಕಾರ. ಮೂರನೆಯದು ಸಿಗುವುದು ಕರಾರು ಅದಕ್ಕೆ ಅವಕಾಶ ಕೊಟ್ಟರೆ ಮಾತ್ರ. ‘ಮಾದರಿ ತಪಾಸಣೆಯಲ್ಲಿ ಬಿದ್ದರೆ ಇಡೀ ಲಾಟು ತಿರಸ್ಕೃತ’ ಎಂದು ಬರೆದಿದ್ದರೆ ಕೇಳಿಕೊಳ್ಳಬಹುದು, ಹಟ ಹಿಡಿಯಲಾಗದು. ಈ ಕರಾರಿನಲ್ಲಿ ಹಾಗೆ ಬರೆದಿರಲಿಲ್ಲ, ಜೂನ್ 24ಕ್ಕೆ ಜಂಟಿ ತಪಾಸಣೆ ನಡೆಯಿತು.

ಪೈಪಿನ ದಪ್ಪವನ್ನು ಎಲ್ಲಿ ಅಳೆಯುತ್ತಾರೆ ಎಂಬುದು ಮುಖ್ಯ. ಕಾಲಿನ ಕೆಳಗಿನ ರಬ್ಬರ್ ಬುಷ್ ತೆಗೆದರೆ ಪೈಪಿನ ಬಾಯಿ ಕಾಣುತ್ತದೆ. ಹೊರಮೈಯ ಪೌಡರ್ ಕೋಟಿಂಗ್ ಸುಮಾರು 60 ಮೈಕ್ರಾನ್ ಇದ್ದರೆ ಅದೇ 0.06 ಮಿಲಿಮೀಟರ್. ಅಳೆಯುವ ಜಾಗದಲ್ಲಿ ಕೋಟಿಂಗನ್ನು ಅರದಿಂದ ಉಜ್ಜಿ ತೆಗೆದು, ಗರಗಸದ ಅಂಚಿನ ಮುಳ್ಳನ್ನೂ ಒರೆಸಿ, ಮೈಕ್ರೊಮೀಟರ್ ಇಡಬೇಕು. ಮುಳ್ಳು ಉಳಿದರೆ ತೆಳು ಪೈಪು ದಪ್ಪವಾಗಿ ಕಾಣುತ್ತದೆ. ಹೀಗೆ ಒಂದೊಂದೇ ಸೆಟ್ಟು ನೋಡಿದಾಗ 120 ಸೆಟ್ಟುಗಳಲ್ಲಿ 1.2 ಮತ್ತು ಅದಕ್ಕೂ ಮೇಲೆ ಬಂತು. 30ರಲ್ಲಿ 1.0ರ ಆಸುಪಾಸು.

ಆ 30 ಎಲ್ಲಿಂದ ಬಂದವು? ಕೊನೆಯ ವಾರದಲ್ಲಿ ಪೈಪು ಮುಗಿದು ಬೇರೆ ಕಡೆಯಿಂದ ‘18 ಗೇಜು’ ಎಂದು ತರಿಸಿದ ಲಾಟಿನಿಂದ. ಗೇಜಿನ ಹೆಸರಿನಲ್ಲಿ ಮಾರುವ ಪೈಪು ನಿಜಕ್ಕೂ 1.2 ಇರುತ್ತದೆ ಎಂಬ ಭರವಸೆ ಇಲ್ಲ. ಇದನ್ನು ಶೆಡ್ಡಿನಲ್ಲೇ ತೂಗಿ ಕಂಡುಹಿಡಿಯಬಹುದು. 25 ಮಿಲಿಮೀಟರ್ ಚೌಕದ 1.2 ದಪ್ಪದ ಪೈಪು 6 ಮೀಟರಿಗೆ ಸುಮಾರು 5.3 ಕೆಜಿ ತೂಗಬೇಕು. 1.0 ದಪ್ಪದ್ದು 4.5 ಕೆಜಿ. ಹತ್ತು ಪೈಪಿನ ಕಟ್ಟನ್ನು ತಕ್ಕಡಿಗೆ ಹಾಕಿದರೆ ಎಂಟು ಕಿಲೋ ವ್ಯತ್ಯಾಸ ಎದ್ದು ಕಾಣುತ್ತದೆ. ಸೆಟ್ಟಿಗೆ 10 ಮೀಟರ್ ಪೈಪು, ಕಿಲೋಗೆ ₹70 ಎಂದು ಹಿಡಿದರೆ ತೆಳು ಪೈಪಿನಿಂದ ಉಳಿಯುವುದು ಸೆಟ್ಟಿಗೆ ₹100, ಮೂವತ್ತಕ್ಕೆ ₹3,000. ಮುಂದಿನ ಲೆಕ್ಕ ನೋಡುವಾಗ ಈ ಮೂರು ಸಾವಿರ ನೆನಪಿರಲಿ.

ಉಳಿದ 120ರಲ್ಲಿ 18 ಸೆಟ್ಟುಗಳ ಮೇಲ್ಹಲಗೆಯ ಹಿಂದಿನ ಅಂಚು ಉಬ್ಬಿತ್ತು. ಇಲ್ಲಿ ವಾದ ಬಿಸಿಯಾಗುವುದು ಸಹಜ. ಜೂನ್ ಮಳೆಯಲ್ಲಿ ಹನ್ನೊಂದು ದಿನ ಜಗಲಿಯಲ್ಲಿ ಇಟ್ಟವರು ಕಚೇರಿಯವರು, ಇರಿಚಲು ಹೊಡೆದದ್ದಕ್ಕೆ ನಾವು ಹೊಣೆಯೇ ಎಂದು ಪೂರೈಕೆದಾರ. ಪ್ಲೈ ಕಳಪೆ ಎಂದು ಕಚೇರಿ. ಎರಡೂ ಪೂರ್ತಿ ಸರಿ ಅಲ್ಲ. ಉಬ್ಬಿದ ಅಂಚಿಗೆ ತೆಳು ಉಳಿ ಇಟ್ಟು ಮೀಟಿದರೆ ಪದರಗಳು ಎದ್ದು ಬರಲಿಲ್ಲ, ಅಂಟು ಹಿಡಿದೇ ಇತ್ತು. ತೇವ ತಡೆಯುವಷ್ಟೇ ಶಕ್ತಿಯ ಎಂಆರ್ ದರ್ಜೆಯ ಪ್ಲೈ ಆಗಿದ್ದರೆ ಇಷ್ಟು ನೆನೆದ ಮೇಲೆ ಪದರ ಬಿಡುವ ಸಂಭವ ಹೆಚ್ಚು. ಕೈಯ ಈ ಪರೀಕ್ಷೆ ಬರೀ ಸೂಚನೆ, ಪುರಾವೆ ಬೇಕೆಂದರೆ ಪ್ರಯೋಗಾಲಯದ ಕುದಿನೀರಿನ ಪರೀಕ್ಷೆಯೇ ಆಗಬೇಕು. ಆದರೆ ಆ 18 ಹಲಗೆಗಳ ಹಿಂದಿನ ಅಂಚಿಗೆ ಪಿವಿಸಿ ಪಟ್ಟಿಯೇ ಇರಲಿಲ್ಲ. ಕಾಣದ ಬದಿ ಎಂದು ಬಿಟ್ಟಿದ್ದರು. ಕೊಯ್ದ ಅಂಚು ತೆರೆದಿದ್ದರೆ ಯಾವ ದರ್ಜೆಯ ಪ್ಲೈ ಕೂಡ ನೀರು ಎಳೆಯುತ್ತದೆ. ಸ್ಪೆಸಿಫಿಕೇಶನ್ ‘ಎಲ್ಲ ಅಂಚು’ ಎಂದಿರುವಾಗ ಮಳೆ ಇರಲಿ ಬಿಡಲಿ, ಆ ಸೆಟ್ಟುಗಳು ಹೊಂದುವುದಿಲ್ಲ. ಪಟ್ಟಿ ಸರಿಯಾಗಿದ್ದೂ ಹಲಗೆ ಕೆಟ್ಟಿದ್ದರೆ ಜಗಲಿಯ ವಾದಕ್ಕೆ ಬಲ ಇತ್ತು, ಆಗಲೂ ‘ಅಪಾಯ ಪೂರೈಕೆದಾರನದು’ ಎಂಬ ಸಾಲನ್ನು ದಾಟಿ ವಾದಿಸಬೇಕಿತ್ತು. ಕೊಠಡಿ ಸಿದ್ಧ ಇದೆಯೇ ಎಂದು ಲಾರಿ ಹೊರಡಿಸುವ ಮೊದಲೇ ಪತ್ರದಲ್ಲಿ ಕೇಳಿ ಉತ್ತರ ಪಡೆಯುವುದು ಇದಕ್ಕಾಗಿ.

ಪ್ಲೈಯ ದರ್ಜೆಯನ್ನು ಆಮೇಲೆ ತೋರಿಸುವುದು ಇನ್ನೊಂದು ಕಷ್ಟ. ಎಂಟಕ್ಕೆ ನಾಲ್ಕು ಅಡಿಯ ಶೀಟಿನಿಂದ ನಾಲ್ಕು ಅಡಿ ಉದ್ದ, ಹದಿನೈದು ಇಂಚು ಅಗಲದ ಆರು ಮೇಲ್ಹಲಗೆ ಬರುತ್ತವೆ. ಐಎಸ್‌ಐ ಮುದ್ರೆ ಉಳಿಯುವುದು ಅವುಗಳಲ್ಲಿ ಒಂದೆರಡರ ಮೇಲೆ ಮಾತ್ರ, ಅದೂ ಲ್ಯಾಮಿನೇಟ್ ಅಂಟಿಸಿದರೆ ಮುಚ್ಚಿಹೋಗುತ್ತದೆ. ಹಾಗಾಗಿ ಕೊಯ್ಯುವ ಮೊದಲು ಮುದ್ರೆ ಕಾಣುವಂತೆ ಫೋಟೊ, ಬ್ರಾಂಡ್ ಮತ್ತು ದರ್ಜೆ ನಮೂದಿಸಿದ ಖರೀದಿ ಬಿಲ್ಲು, ಮುದ್ರೆ ಇರುವ ಒಂದು ತುಂಡು, ಇಷ್ಟನ್ನು ತೆಗೆದಿಡಬೇಕು. ಇದಕ್ಕಿಂತಲೂ ಒಳ್ಳೆಯ ರಕ್ಷೆ ಆರ್ಡರು ಬಂದ ವಾರದಲ್ಲೇ ಒಂದು ಸೆಟ್ಟು ಮಾಡಿ ಕಚೇರಿಗೆ ತೋರಿಸಿ, ಸಹಿ ಮಾಡಿಸಿ, ಮುದ್ರೆ ಹಾಕಿಸಿ ಅಲ್ಲೇ ಬಿಡುವುದು. ಕರಾರು ಕೇಳದಿದ್ದರೂ ನೀವಾಗಿ ಕೇಳಿ. ಆಮೇಲಿನ ತಕರಾರು ಆ ಮಾದರಿಗೆ ಹೋಲಿಸಿ ತೀರುತ್ತದೆ. ಹಿಂದಿನ ಅಂಚಿನ ಪಟ್ಟಿ ಬಿಟ್ಟುಹೋದದ್ದೂ ಮೇ ತಿಂಗಳಿನಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಲೆಕ್ಕ

ಜಂಟಿ ತಪಾಸಣೆಯ ಕೊನೆಗೆ 102 ಸ್ವೀಕೃತ, 48 ತಿರಸ್ಕೃತ. ತಿರಸ್ಕೃತ ಸರಕನ್ನು ವಾಪಸ್ ಕಳುಹಿಸಿಕೊಡುವ ಹೊಣೆ ಕೊಳ್ಳುವವನಿಗಿಲ್ಲ, ನಿರಾಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು ಎನ್ನುತ್ತದೆ ಸರಕು ಮಾರಾಟ ಕಾಯ್ದೆಯ 43ನೇ ಕಲಮು. ಲಾರಿ ಬಾಡಿಗೆ ನಿಮ್ಮದು. ಹೇಳಿದ ದಿನದೊಳಗೆ ತೆಗೆಯದಿದ್ದರೆ ನೆಲಬಾಡಿಗೆ ಹಾಕುವ ಅಥವಾ ವಿಲೇವಾರಿ ಮಾಡುವ ಷರತ್ತು ಕರಾರಿನಲ್ಲಿ ಇರುತ್ತದೆ.

ತಿರಸ್ಕೃತ ಸರಕು ಕೊಟ್ಟೇ ಇಲ್ಲ ಎಂಬ ಲೆಕ್ಕ. ಹಾಗಾಗಿ 48 ಸೆಟ್ಟುಗಳ ಮಟ್ಟಿಗೆ ಗಡುವು ಜೂನ್ 8ಕ್ಕೆ ಮೀರಿದೆ. ಗಡುವು ವಿಸ್ತರಣೆಯನ್ನು ಬರವಣಿಗೆಯಲ್ಲಿ ಕೇಳಬೇಕು. ಕಚೇರಿ ಜುಲೈ 22ರವರೆಗೆ, ವಿಳಂಬ ಕಡಿತದ ಹಕ್ಕು ಉಳಿಸಿಕೊಂಡು, ವಿಸ್ತರಿಸಿತು. ಬದಲಿ ಸೆಟ್ಟುಗಳು ಜುಲೈ 21ಕ್ಕೆ ತಲುಪಿದವು, 25ಕ್ಕೆ ಸ್ವೀಕಾರವಾಯಿತು.

ಕಡಿತದ ಷರತ್ತು: ವಾರಕ್ಕೆ ಅಥವಾ ವಾರದ ಭಾಗಕ್ಕೆ ಶೇ 0.5, ಗರಿಷ್ಠ ಶೇ 10. ಜೂನ್ 8ರಿಂದ ಜುಲೈ 21ಕ್ಕೆ 43 ದಿನ, ಅಂದರೆ ಆರು ವಾರ ಒಂದು ದಿನ. ‘ವಾರದ ಭಾಗ’ ಎಂದಿರುವುದರಿಂದ ಏಳು ವಾರ, ಶೇ 3.5. ಯಾವುದರ ಮೇಲೆ? ‘ತಡವಾದ ಸರಕಿನ ಮೌಲ್ಯದ ಮೇಲೆ’ ಎಂದಿದ್ದರೆ ₹3,84,000ಕ್ಕೆ ₹13,440. ‘ಕರಾರು ಮೌಲ್ಯದ ಮೇಲೆ’ ಎಂದಿದ್ದರೆ ₹12 ಲಕ್ಷಕ್ಕೆ ₹42,000. ಎರಡು ಪದಗಳಿಗೆ ₹28,560 ವ್ಯತ್ಯಾಸ. ಬಿಡ್‌ಗೆ ಮುಂಚಿನ ಪ್ರಶ್ನೋತ್ತರದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಆಗಿದ್ದರೆ ಇದನ್ನೇ ಕೇಳಿ. ಈ ಕರಾರಿನಲ್ಲಿ ಮೊದಲನೆಯದು ಇತ್ತು. ₹3,000 ಉಳಿಸಿದ ಪೈಪಿಗೆ, ಅಂಚಿನ ಪಟ್ಟಿಗೆ ತೆತ್ತದ್ದು ₹13,440, ಎರಡು ಲಾರಿ ಬಾಡಿಗೆ, ಮೂವತ್ತು ಹೊಸ ಚೌಕಟ್ಟು. ಆ 18 ಸೆಟ್ಟುಗಳಿಗೆ ಹೊಸ ಹಲಗೆ ಹಾಕಿದರೆ ಸಾಕಾಯಿತು, ತೆಳು ಪೈಪಿನ ಚೌಕಟ್ಟುಗಳು ಖಾಸಗಿ ಗಿರಾಕಿಗೆ, ದಪ್ಪ ಎಷ್ಟೆಂದು ಹೇಳಿಯೇ, ಹೋಗಬೇಕು.

ಬದಲಿ ಕೊಡದೆ ಕೈಚೆಲ್ಲಿದ್ದರೆ? ಕಚೇರಿ ಆ 48ನ್ನು ನಿಮ್ಮ ಹೊಣೆ ಮತ್ತು ಖರ್ಚಿನಲ್ಲಿ ಬೇರೆಯವರಿಂದ ಕೊಳ್ಳಬಹುದು. ₹9,500ಕ್ಕೆ ಕೊಂಡರೆ ಸೆಟ್ಟಿಗೆ ₹1,500 ಹೆಚ್ಚು, ಒಟ್ಟು ₹72,000. ಭದ್ರತೆಯ ₹60,000 ಅಲ್ಲಿಗೆ ಮುಗಿಯುತ್ತದೆ, ಉಳಿದ ₹12,000ವನ್ನು 102 ಸೆಟ್ಟುಗಳ ಬಿಲ್ಲಿನಿಂದ ಹಿಡಿಯುತ್ತಾರೆ. ಅದರ ಮೇಲೆ ಆ ಕಚೇರಿಯ ಟೆಂಡರುಗಳಿಂದ ಎರಡು ವರ್ಷದವರೆಗೆ ಹೊರಗಿಡುವ ಅಧಿಕಾರ 151ನೇ ನಿಯಮದಲ್ಲಿ ಇದೆ.

ಆದರೆ ನಷ್ಟ ತೋರಿಸದೆ ಇಡೀ ಭದ್ರತೆಯನ್ನು ನುಂಗುವುದಕ್ಕೆ ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಮೌಲಾ ಬಕ್ಷ್ ಎಂಬ ಪೂರೈಕೆದಾರ ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸುವ ಕರಾರಿಗೆ ₹18,500 ಭದ್ರತೆ ಇಟ್ಟಿದ್ದರು. ಸರಿಯಾಗಿ ಪೂರೈಸಲಿಲ್ಲವೆಂದು ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ಬೇರೆಡೆ ಕೊಂಡದ್ದರಿಂದ ಆದ ನಷ್ಟವನ್ನು ಸಾಬೀತು ಮಾಡಲು ಸಾಧ್ಯವಿದ್ದೂ ಮಾಡದಿರುವಾಗ, ಕರಾರು ಕಾಯ್ದೆಯ 74ನೇ ಕಲಮಿನಂತೆ ಪೂರ್ತಿ ಮೊತ್ತ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1969ರಲ್ಲಿ ಹೇಳಿತು. ಹಾಗಾಗಿ ಮುಟ್ಟುಗೋಲಿನ ನೋಟಿಸು ಬಂದರೆ ಕೇಳಬೇಕಾದದ್ದು ಮರುಖರೀದಿಯ ಆರ್ಡರು, ಅದರ ದರ, ಅದೇ ಸ್ಪೆಸಿಫಿಕೇಶನ್ ಇತ್ತೇ ಎಂಬ ದಾಖಲೆ. ಇಎಂಡಿಗೂ ಇದಕ್ಕೂ ಇರುವ ಅಂತರ ಇಲ್ಲಿದೆ: ಬಿಡ್ ಹಿಂತೆಗೆದವರ ಇಎಂಡಿ ಮುಟ್ಟುಗೋಲನ್ನು ಕೋರ್ಟು ಎತ್ತಿಹಿಡಿದಿದೆ, ಪರ್ಫಾರ್ಮೆನ್ಸ್ ಭದ್ರತೆಯ ವಿಷಯದಲ್ಲಿ ನಷ್ಟದ ಲೆಕ್ಕ ಕೇಳುವ ಜಾಗ ಉಳಿದಿದೆ.

ಬಿಲ್ಲಿನ ಹಣಕ್ಕೂ ತಿರಸ್ಕಾರದ ತಾರೀಕೇ ಆಧಾರ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ ಅಭಿವೃದ್ಧಿ ಕಾಯ್ದೆ 2006ರಂತೆ ಸರಕು ತಲುಪಿದ 15 ದಿನದೊಳಗೆ ಕೊಳ್ಳುವವನು ಲಿಖಿತ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ. ಎತ್ತಿದರೆ, ಪೂರೈಕೆದಾರ ಅದನ್ನು ನಿವಾರಿಸಿದ ದಿನ. ಕರಾರಿನಲ್ಲಿ ಏನೇ ಬರೆದಿದ್ದರೂ ಅಲ್ಲಿಂದ 45 ದಿನ ಮೀರಿ ಹಣ ತಡೆಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರ ಹಾಕುವ ಬಡ್ಡಿ. ಇಲ್ಲಿ ಮೆಮೊ ಬಂದದ್ದು ಹನ್ನೊಂದನೇ ದಿನ, ಅವಧಿಯೊಳಗೆ. ಆದ್ದರಿಂದ 102 ಸೆಟ್ಟುಗಳಿಗೆ ಜೂನ್ 24ರಿಂದ ಎಣಿಸಿದರೆ ಆಗಸ್ಟ್ 8, ಉಳಿದ 48ಕ್ಕೆ ಜುಲೈ 25ರಿಂದ ಎಣಿಸಿದರೆ ಸೆಪ್ಟೆಂಬರ್ 8. ಬಿಲ್ಲು ಎರಡು ಮಾಡಿ. ಒಂದೇ ಬಿಲ್ಲು ಮಾಡಿದರೆ ₹8,16,000 ಕೂಡ ಕೊನೆಯ ಸೆಟ್ಟಿಗಾಗಿ ಕಾಯುತ್ತದೆ. ಹದಿನೈದು ದಿನದ ಈ ನಿಯಮ ಹಣಕ್ಕೆ ಮಾತ್ರ, ಆಕ್ಷೇಪ ಬರಲಿಲ್ಲ ಎಂದು ವಾರಂಟಿಯ ಹೊಣೆ ಕರಗುವುದಿಲ್ಲ.

ಕೊನೆಗೆ ₹60,000. ‘ಅಂತಿಮ ಸ್ವೀಕಾರ’ ಈಗ ಜುಲೈ 25, ವಾರಂಟಿ ಮರುವರ್ಷ ಜುಲೈ 24ರವರೆಗೆ, ಭದ್ರತೆ ಸೆಪ್ಟೆಂಬರ್ 22ರವರೆಗೆ. 48 ಸೆಟ್ಟುಗಳ ತಪ್ಪಿಗೆ 150 ಸೆಟ್ಟುಗಳ ಭದ್ರತೆಯೂ ಐದು ವಾರ ಹೆಚ್ಚು ಕಟ್ಟಿಕೊಂಡಿತು. ವಾರಂಟಿ ಮುಗಿದ ವಾರದಲ್ಲೇ ಬಾಕಿ ದೂರು ಇಲ್ಲ ಎಂಬ ಪ್ರಮಾಣ ಪತ್ರವನ್ನು ಸ್ಟೋರಿನಿಂದ ಪಡೆದು, ಅದರ ಪ್ರತಿಯೊಂದಿಗೆ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಕೊಡಬೇಕು. ಮೂಲ ರಸೀದಿ ಕೈಗೆ ಬಂದರೆ ಸಾಲದು. ಅಡಮಾನ ಬಿಡುಗಡೆ ಮಾಡಿದ್ದೇವೆ ಎಂಬ ಪತ್ರ ಕಚೇರಿಯಿಂದ ಬ್ಯಾಂಕಿಗೆ ಹೋಗಿರಬೇಕು, ಇಲ್ಲವಾದರೆ ಬ್ಯಾಂಕು ಹಣ ಬಿಡುವುದಿಲ್ಲ.